ಪಾಕೀಟಿನೊಳಗಿನ ತಾರೀಖು

ಬೇಗಂಬಿ ಸೀರೆ ನೋಡುವುದು ಅಂಚಿನಿಂದ. ಒಡಲು, ಸೆರಗು, ಬಣ್ಣ ಎಲ್ಲ ಆಮೇಲೆ. ಊರವರ ಸೀರೆಗಳಿಗೆ ಫಾಲ್ ಹಚ್ಚಿ, ಪಿಕೋ ಮಾಡಿ ಬದುಕಿದ ಕೈ ಅದು. ಅಂಚು ಗಟ್ಟಿ ಇಲ್ಲದ ಸೀರೆಯ ಮಾತೇ ಅವಳಿಗೆ ಬೇಡ. ಅಂದು ಮಧ್ಯಾಹ್ನ ಅಥಣಿಯ ಬಾಹುಬಲಿ ಸಾವಕಾರರ ಅಂಗಡಿಯಲ್ಲಿ ಗಾದಿಯ ತುಂಬ ಸೀರೆ ಹರವಿಸಿಕೊಂಡು, ಒಂದೊಂದರ ಅಂಚನ್ನೂ ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಕಡೆಗೆ ಒಂದನ್ನು ಬದಿಗೆ ತೆಗೆದಿಟ್ಟಳು. ಗಿಳಿಹಸಿರು ಒಡಲು, ಕುಂಕುಮ ಬಣ್ಣದ ಅಂಚು.

“ಯಾರಿಗಿ ಬೇಗಂಬಿ, ಫರಹೀನಗ?” ಗಲ್ಲಾದಲ್ಲಿ ಕೂತಿದ್ದ ತ್ರಿಶಲಾ ಕೇಳಿದಳು. ಅವಳು ಸಾವಕಾರರ ಸೊಸೆ.

“ಮಗಳಿಗಿ ಅವರ ಮನ್ಯಾವರ ತರತಾರ್ರಿ ಅಕ್ಕಾರ. ಇದು ಬೀಗತಿಗಿ, ಉಗಾರದಾಕಿಗಿ. ಮಗ ಕಾರ್ಖಾನ್ಯಾಗ ಪರ್ಮನೆಂಟ್ ಅದಾನಲ್ರಿ, ಅವರವ್ವನ ಮೂಗ ಜರಾ ಮ್ಯಾಲ ಐತಿ. ‘ಹುಡುಗಿಗಿ ಏನೂ ಹಾಕಬ್ಯಾಡ್ರಿ, ನನಗೊಂದ ಸೀರಿ ಉಡಸ್ರಿ, ಮಂದಿ ನೋಡೂ ಹಂಗ ಇರಲಿ’ ಅಂದಾಳ. ಇದೊಂದ ಸೀರಿ ಸರಿ ಹೋತಂದ್ರ ನನ್ನ ಮಗಳು ಆ ಮನ್ಯಾಗ ತಲಿ ಎತ್ತಿ ತಿರಗತಾಳ. ಇಲ್ಲಂದ್ರ ‘ನಿಮ್ಮವ್ವ ಏನ ಉಡಿಸಿದ್ಲು’ ಅನ್ನೂದ ಕೇಳ್ಕೋತ ಬಾಳೇ ಮಾಡಬೇಕ.”

ಹಾಗೆಂದು ಬೇಗಂಬಿ ತನ್ನ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಒಂದು ಅರಿವೆ, ಅರಿವೆಯೊಳಗಿಂದ ಒಂದು ಪಾಕೀಟು ತೆಗೆದು ಗಲ್ಲಾದ ಮೇಲೆ ಇಟ್ಟಳು. ಕೆನೆಬಣ್ಣದ ಪಾಕೀಟು, ಸುತ್ತ ನವಿಲುನೀಲಿ ಎಳೆ, ನಡುವೆ ‘ಶುಭಾಶಯ’ ಎಂಬ ಒಂದೇ ಶಬ್ದ. ತ್ರಿಶಲಾ ಅದನ್ನು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಅವಳೇ ಮಾಡಿಸಿದ್ದು. ಒಳಗಿನ ಗಿಫ್ಟ್ ವೋಚರು ಎರಡು ಸಾವಿರದ್ದು, ಸೀರೆಯ ಬೆಲೆಗೆ ಹತ್ತಿರ ಹತ್ತಿರ ಹೊಂದುವಂಥದು. ಪಾಕೀಟಿನ ಬಾಯಲ್ಲಿ ಇಣುಕಿ ಮೊತ್ತವನ್ನಷ್ಟೇ ನೋಡಿದ್ದ ಬೇಗಂಬಿ, ಮಿಕ್ಕಿದ್ದನ್ನು ಕೈಯಿಂದ ಹಾಕಲು ಮಡಚಿದ ನೋಟುಗಳನ್ನೂ ಜೊತೆಗೇ ತೆಗೆದಿಟ್ಟಿದ್ದಳು.

ತ್ರಿಶಲಾ ವೋಚರನ್ನು ಹೊರಗೆಳೆದಳು. ಬಂಗಾರದ ಬಣ್ಣದ ಮುದ್ರೆ ಮಿಂಚಿತು. ಅದರ ಕೆಳಗೆ, ಎಂಥ ಮಂದಗಣ್ಣಿನವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಕೊನೆಯ ತಾರೀಖು. ತಿಂಗಳ ಹೆಸರು ಅಂಕಿಯಲ್ಲಲ್ಲ, ಅಕ್ಷರದಲ್ಲಿ.

ಅದು ಹೋದ ತಿಂಗಳಿನದು.

ಅವಳು ಆ ಕಾಗದವನ್ನು ಹಾಗೇ ಹಿಡಿದುಕೊಂಡು ಕೂತಳು. ಎದುರಿಗೆ ಬೇಗಂಬಿ ಸೀರೆಯ ಮಡಿಕೆ ಸರಿ ಮಾಡುತ್ತಿದ್ದಳು, ತನ್ನದೇ ಸೀರೆ ಅನ್ನುವ ಹಾಗೆ.

ಆ ಕಾಗದಕ್ಕೊಂದು ಹಿನ್ನೆಲೆ ಇದೆ.

ಎರಡು ದೀಪಾವಳಿಗಳ ಹಿಂದೆ ಬಾಹುಬಲಿ ಸಾವಕಾರರು ಯಾರ ಮಾತೋ ಕೇಳಿ ಹಳದಿ ಕಾಗದದಲ್ಲಿ ಇನ್ನೂರು ರೂಪಾಯಿಯ ರಿಯಾಯಿತಿ ಕೂಪನ್ ಛಾಪಿಸಿ ಊರಿಗೆಲ್ಲ ಹಂಚಿಸಿದ್ದರು. ಕೂಪನ್ನಿಗೆ ನಂಬರಿಲ್ಲ, ಕೊನೆಯ ದಿನವಿಲ್ಲ, ಎಷ್ಟರ ಖರೀದಿಗೆ ಎಂಬುದಿಲ್ಲ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಶರತ್ತುಗಳು ಅನ್ವಯಿಸುತ್ತವೆ’ ಅಂತ ಒಂದು ಸಾಲು. ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣದ ಝೆರಾಕ್ಸ್ ಮಾಡುವ ಅಂಗಡಿಯವನಿಗೆ ಆ ವಾರ ಉಣ್ಣಲು ಪುರಸೊತ್ತಿರಲಿಲ್ಲವಂತೆ. ಜುಗೂಳದಿಂದ ಬಂದ ಒಬ್ಬ ನೂರೈವತ್ತರ ಟಾವೆಲ್ಲು ತಗೊಂಡು, ಕೂಪನ್ ಕೊಟ್ಟು, “ಚಿಲ್ಲರ ಐವತ್ತ ಕೊಡ್ರಿ” ಅಂತ ಕೈ ಚಾಚಿದ. ಅಂಗಡಿಯ ಕೆಲಸದವರೇ ಬಂದ ಕೂಪನ್‌ಗಳನ್ನು ಕಿಸೆಯಲ್ಲಿಟ್ಟುಕೊಂಡು, ರೋಖ ಕೊಟ್ಟ ಗಿರಾಕಿಯ ಬಿಲ್ಲಿಗೆ ಅವನ್ನು ಹಚ್ಚಿ, ಇನ್ನೂರು ಇನ್ನೂರು ಹೊಡೆದರು ಅನ್ನುವುದು ಆಮೇಲೆ ತಿಳಿಯಿತು.

ಎಲ್ಲರಿಗಿಂತ ಹೆಚ್ಚು ಕಾಡಿದವರು ಬಾಪುಸಾಹೇಬರು. ಅವರು ತೆಲಸಂಗದ ಕಡೆಯ ಹಳೇ ಗಿರಾಕಿ. ಕೋರ್ಟು ಕಚೇರಿ ಓಡಾಡಿ ಮಾತು ಕಲಿತವರು. ಒಂದು ಬಿಲ್ಲಿಗೆ ಐದು ಕೂಪನ್ ಇಟ್ಟರು. ಸಾವಕಾರರು, “ಸಾಹೇಬ್ರ, ಶರತ್ತ ಐತ್ರಿ” ಅಂದರು.

“ಯಾವ ಶರತ್ತ? ತೋರಸ್ರಿ.”

ತೋರಿಸಲು ಏನೂ ಇರಲಿಲ್ಲ. ಇಡೀ ಅಂಗಡಿ ನೋಡುತ್ತಿತ್ತು. ಸಾವಕಾರರು ಐದೂ ಕೂಪನ್ ತಗೊಂಡರು. ಮುಂದೆ ಆರು ತಿಂಗಳು ಪ್ಯಾಟಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ “ಯಾವ ಶರತ್ತ, ತೋರಸ್ರಿ” ಅನ್ನುವುದೇ ಒಂದು ಚೇಷ್ಟೆಯಾಯಿತು.

ಆಗ ಸಾವಕಾರರು ಸೊಸೆಯನ್ನು ಕರೆದಿದ್ದರು. ತ್ರಿಶಲಾ ನಿಪ್ಪಾಣಿಯವಳು, ಕಾಲೇಜು ಮುಗಿಸಿದವಳು, ಮಾತು ಕಡಿಮೆ. ಮದುವೆಯಾದ ಮೇಲೆ ಅವಳ ಓದಿಗೆ ಒಲೆಯ ಮುಂದೆ ಏನೂ ಕೆಲಸವಿರಲಿಲ್ಲ. ಸಾವಕಾರರೆಂದರು: “ಮದವಿ ಹಂಗಾಮಿಗೆ ಗಿಫ್ಟ್ ವೋಚರ್ ಮಾಡೂಣು, ಶ್ರಾವಣಕ್ಕ ಕೂಪನ್ ಮಾಡೂಣು. ಬರಿ ನೀ. ಊರಾಗ ಒಬ್ಬ ಮನಶ್ಯಾ ಸೈತ ನನಗ ‘ತೋರಸ್ರಿ’ ಅನಬಾರದು. ಸರಿ ಆತಂದ್ರ ಗಲ್ಲಾದಾಗ ನೀನ ಕೂಡ್ರು.”

ಅವಳಿಗೆ ಆ ಕೆಲಸ ರುಚಿಸಿತು. ಒಂದು ಸಾಲು ಬರೆಯುವುದು, ಬಾಪುಸಾಹೇಬರ ಕಣ್ಣಿನಿಂದ ಓದುವುದು, ಎಲ್ಲಿ ಕೈ ತೂರಿಸಬಹುದು ನೋಡುವುದು, ಹೊಡೆದು ಮತ್ತೆ ಬರೆಯುವುದು. ‘ಸಾಮಾನ್ಯವಾಗಿ’, ‘ಸಾಧ್ಯವಾದಷ್ಟು’ ಅನ್ನುವಂಥ ಶಬ್ದಗಳನ್ನೆಲ್ಲ ತೆಗೆದಳು. ಪ್ರತಿ ಶರತ್ತಿಗೂ ‘ಹೌದು’ ಅಥವಾ ‘ಅಲ್ಲ’ ಎಂದು ಹೇಳುವ ಹಾಗಿರಬೇಕು. ಮೂರನೆಯ ಉತ್ತರಕ್ಕೆ ಜಾಗವೇ ಇರಬಾರದು.

ಮೊದಲು ಎರಡನ್ನೂ ಬೇರೆ ಮಾಡಿದಳು. ಕೂಪನ್ ಅಂಗಡಿಯವರು ಬಿಟ್ಟಿ ಕೊಟ್ಟದ್ದು, ವೋಚರು ಗಿರಾಕಿ ರೊಕ್ಕ ಕೊಟ್ಟು ಕೊಂಡದ್ದು; ಎರಡಕ್ಕೂ ಒಂದೇ ನ್ಯಾಯ ಸಲ್ಲದು. ಕೂಪನ್ನಿಗೆ ಮೂರು ಸಾವಿರದ ಮೇಲಿನ ಖರೀದಿ, ಒಂದು ಬಿಲ್ಲಿಗೆ ಒಂದೇ, ಮೊದಲೇ ದರ ಇಳಿಸಿದ ಮಾಲಿಗೆ ಇಲ್ಲ, ವೋಚರು ಕೊಳ್ಳಲು ಇಲ್ಲ. ಚಿಲ್ಲರೆ ಕೊಡುವುದಿಲ್ಲ. ವೋಚರನ್ನು ಮಾತ್ರ ಯಾರು ತಂದರೂ ಸಲ್ಲುವ ಹಾಗೆ ಮಾಡಿದಳು. ಸಾವಕಾರರು ಒಪ್ಪಲಿಲ್ಲ.

“ಹೆಸರ ಬರೀಬೇಕ. ಯಾರ ಹೆಸರಿಗೆ ಐತಿ ಅವರ ಬರಬೇಕ.”

“ಆಯೇರಕ್ಕ ಕೊಡೂದ ಮಾಮಾರ. ಆಯೇರ ಒಂದ ಮನ್ಯಾಗ ನಿಂದರತೈತೇನ್ರಿ?” ಅಂದಳು ತ್ರಿಶಲಾ.

ಆಯೇರ, ಅಂದರೆ ಶುಭಕಾರ್ಯದ ಉಡುಗೊರೆ, ಮನೆಯಿಂದ ಮನೆಗೆ ತಿರುಗುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮದುವೆಯಲ್ಲಿ ತವರಿನವರು ಯಾರಿಗೋ ಉಡಿ ತುಂಬಿದ ಒಂದು ಕುಬಸದ ಕಣ, ರವಿಕೆಯ ಬಟ್ಟೆ, ಅವಳವ್ವ ಮೂಲೆಗೆ ಹಾಕಿದ ಕೆಂಪು ದಾರದ ಗಂಟಿನ ಸಮೇತ, ಊರೂರು ತಿರುಗಿ, ವರ್ಷದ ಮೇಲೆ ರಾಯಬಾಗದ ಒಂದು ಸೀಮಂತದಲ್ಲಿ ಅವಳದೇ ಉಡಿಗೆ ಬಂದು ಬಿದ್ದಿತ್ತು. ಯಾರೂ ಅದರ ಮಡಿಕೆ ಬಿಚ್ಚಿರಲಿಲ್ಲ. ಕೊಡುವುದಕ್ಕೆಂದೇ ಹುಟ್ಟಿದ ಬಟ್ಟೆ ಅದು. ವೋಚರೂ ಹಾಗೇ ತಿರುಗುತ್ತದೆ. ಹೆಸರು ಬರೆದರೆ ಎರಡನೆಯ ಮನೆಯಲ್ಲೇ ಜಗಳ ಶುರು. ಸಾವಕಾರರು ಒಪ್ಪಿದರು.

ನಕಲು ತಡೆಯಲು ಬೇರೆ ದಾರಿ ಮಾಡಿದಳು. ಪ್ರೆಸ್ಸಿನ ಅಲ್ತಾಫ ಬಂಗಾರದ ಹಾಳೆಯ ಮುದ್ರೆ ಒತ್ತಿ ಕೊಟ್ಟ. ಅದನ್ನು ಝೆರಾಕ್ಸ್ ಮಾಡಿದರೆ ಮಸಿ ಬಿದ್ದ ಹಾಗೆ ಕಪ್ಪಾಗುತ್ತಿತ್ತು. ಪ್ರತಿ ವೋಚರಿಗೆ ಒಂದು ನಂಬರು, ನಂಬರಿನ ಕೊನೆಗೆ ಊಹಿಸಲು ಬಾರದ ಅಕ್ಷರಗಳು. ಪಕ್ಕದಲ್ಲಿ ಹರಿದುಕೊಳ್ಳುವ ತುಂಡು, ಅಂಗಡಿಯ ರಬ್ಬರ್ ಶಿಕ್ಕೆ ಎರಡರ ಮೇಲೂ ಅರ್ಧರ್ಧ ಬೀಳುವ ಹಾಗೆ. ಮಾರಿದ ದಿನವೇ ನಂಬರು ಕಂಪ್ಯೂಟರಿನಲ್ಲಿ ಜೀವ ತಳೆಯಬೇಕು, ಅಲ್ಲಿಯ ತನಕ ಅದು ಬರೀ ಕಾಗದ. ಹೀಗಾಗಿ ಪ್ರೆಸ್ಸಿನಿಂದ ಕದ್ದರೂ ಉಪಯೋಗವಿಲ್ಲ. ಒಮ್ಮೆ ಬಳಸಿದರೆ ಮೂಲೆಗೆ ತೂತು, ಕಂಪ್ಯೂಟರಿನಲ್ಲಿ ಬೀಗ. ಉಳಿದ ಮೊತ್ತಕ್ಕೆ ರೊಕ್ಕ ಇಲ್ಲ, ಅದೇ ಕೊನೆಯ ತಾರೀಖಿನ ಬಾಕಿ ಚೀಟಿ. ಮಾರಿದ ದಿನದಿಂದ ಒಂದು ವರ್ಷ. ಮೂರನ್ನು ಎಂಟು ಮಾಡುವವರಿದ್ದಾರೆ ಅಂತ ತಿಂಗಳನ್ನು ಅಕ್ಷರದಲ್ಲಿ ಹಾಕಿಸಿದಳು. ಎಲ್ಲವೂ ಕನ್ನಡದಲ್ಲಿ, ಹಿಂದೆ ಮರಾಠಿಯಲ್ಲಿ.

“ನನ್ನ ನಿಕಾಹನಾಮಾದಾಗೂ ಇಷ್ಟ ಶರತ್ತ ಇರಲಿಲ್ರಿ ಅಕ್ಕಾರ” ಅಂದ ಅಲ್ತಾಫ, ಕರಡು ತಿದ್ದುತ್ತ.

“ಇದ್ದಿದ್ರ ನಿನ್ನ ಹೇಂತಿಗೆ ಚೊಲೋ ಆಗತಿತ್ತ.”

ಎರಡು ಕಡೆ ಮಾತ್ರ ಮಾತಿಗೆ ಮಾತು ಬೆಳೆಯಿತು. ಒಂದು, ಸಾವಕಾರರು ಕೊನೆಗೆ ಸೇರಿಸಲು ಹೇಳಿದ ಸಾಲು: ‘ಅಂಗಡಿಯ ನಿರ್ಧಾರವೇ ಅಂತಿಮ.’ ತ್ರಿಶಲಾ ಅದನ್ನು ಹೊಡೆದುಬಿಟ್ಟಳು. “ಇದು ಶರತ್ತ ಅಲ್ರಿ ಮಾಮಾರ, ಧಮಕಿ. ಬಾಪುಸಾಹೇಬ್ರಿಗೆ ಇಲ್ಲ ಅಂತೀರಿ, ಬೀಗರಿಗೆ ಹೂಂ ಅಂತೀರಿ. ಮುಂದ ಎಲ್ಲಾರೂ ಗಲ್ಲಾದ ಮುಂದ ನಿಂತು ಗೋಗರೀತಾರ. ಯಾರಿಗೂ ತಿದ್ದಾಕ ಬರಬಾರದು. ನಿಮಗೂ.” ಬಿಲ್ಲಿನ ಸಾಫ್ಟ್‌ವೇರ್ ಮಾಡಲು ಸಾಂಗಲಿಯಿಂದ ಬಂದವನಿಗೂ ಅದನ್ನೇ ಹೇಳಿದಳು. ತಾರೀಖು ಮುಗಿದ ನಂಬರು ತೆರೆಯುವ ಕೀಲಿ ಯಾರ ಕೈಯಲ್ಲೂ ಇರಬಾರದು. ಸಾವಕಾರರು ಒಂದು ಗಳಿಗೆ ಅವಳ ಮುಖ ನೋಡಿ, “ಹಂಗ ಆಗಲಿ” ಅಂದಿದ್ದರು.

ಎರಡನೆಯದು ಪಾಕೀಟಿನದು. ತಾರೀಖು ಹೊರಗೂ ಕಾಣಲಿ, ಪಾಕೀಟಿಗೆ ಒಂದು ಸಣ್ಣ ಕಿಟಕಿ ಬಿಡೋಣ ಅಂತ ತ್ರಿಶಲಾಳೇ ಅಂದಿದ್ದಳು. ಅಲ್ತಾಫ ಒಂದು ಮಾದರಿ ಮಾಡಿಯೂ ತಂದ. ಅದನ್ನು ಅತ್ತೆ ತಾರಾಬಾಯಿ ಕೈಯಲ್ಲಿ ಹಿಡಿದು, ದೂರ ಇಟ್ಟು ನೋಡಿ, ತಾಟಿನಲ್ಲಿ ಹುಳ ಕಂಡವರ ಹಾಗೆ ಕೆಳಗಿಟ್ಟರು. “ಮದವ್ಯಾಗ ಕೊಡೂ ಪಾಕೀಟಿನ ಮ್ಯಾಲ ಮುಗಿಯೂ ತಾರೀಖ ಬರೀತಾರೇನ? ಮದುಮಗಳ ಕೈಯಾಗ ಇದನ್ನ ಇಡೂದ ಹ್ಯಾಂಗ?”

ಅದೂ ನಿಜವೇ ಅನ್ನಿಸಿತು ತ್ರಿಶಲಾಗೆ. ಒಳಗೆ ವೋಚರಿನ ಮೇಲೆ ದಪ್ಪಗೆ ಇದ್ದೇ ಇದೆಯಲ್ಲ. ಪಾಕೀಟಿನ ಮೇಲೆ ‘ಶುಭಾಶಯ’ ಒಂದೇ ಉಳಿಯಿತು. ಮಡಿಕೆ ಬಿಚ್ಚದ ಕುಬಸದ ಕಣ ಆ ಹೊತ್ತಿಗೆ ಅವಳ ನೆನಪಿಗೆ ಬರಲಿಲ್ಲ. ವೋಚರು ತಿರುಗುತ್ತದೆ ಅಂತ ಗೊತ್ತಿದ್ದವಳಿಗೆ, ತಿರುಗುವಾಗ ಅದನ್ನು ಯಾರೂ ಬಿಚ್ಚುವುದಿಲ್ಲ ಅನ್ನುವುದು ಹೊಳೆಯಲಿಲ್ಲ.

ಊರು ಅದಕ್ಕೆ ‘ಆಯೇರ ಚೀಟಿ’ ಅಂತ ಹೆಸರಿಟ್ಟಿತು. ಚೆನ್ನಾಗಿ ಓಡಿತು. ಒಂದು ನಕಲು ಬರಲಿಲ್ಲ, ಒಂದು ಜಗಳವಾಗಲಿಲ್ಲ. ಸೊಸೆ ಗಲ್ಲಾದಲ್ಲಿ ಕೂತಳು. ಮೊನ್ನೆ ಸೋಮವಾರ ಬಾಪುಸಾಹೇಬರು ಒಂದು ಹಳೇ ವೋಚರು ತಂದು ಗಲ್ಲಾದ ಮೇಲೆ ಒಗೆದಾಗ, ಅವಳು ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದ್ದಳು. ಅವರು ಓದಿದರು, ಹಿಂದೆ ತಿರುವಿ ಮರಾಠಿಯಲ್ಲೂ ಓದಿದರು. “ಬರೋಬರ್ ಐತಿ” ಅಂದು ಹೊರಟುಹೋದರು. ಅಂದು ಸಾವಕಾರರು ಅಂಗಡಿಯವರಿಗೆಲ್ಲ ಚಹಾದ ಜೊತೆ ಭಜಿ ತರಿಸಿದ್ದರು.

ಅದೇ ಬಾಪುಸಾಹೇಬರು ಈಗ ಎದುರು ಗಾದಿಯಲ್ಲಿ ಮೊಮ್ಮಗನಿಗೆ ಅಂಗಿ ಬಟ್ಟೆ ನೋಡುತ್ತ ಕೂತಿದ್ದರು.

“ಬೇಗಂಬಿ” ಅಂದಳು ತ್ರಿಶಲಾ, ದನಿ ತಗ್ಗಿಸಿ. “ಇದು ಯಾವಾಗ ಸಿಕ್ತು ನಿನಗ?”

“ಪತ್ರಿಕಿ ಕೊಡಾಕ ನಿಮ್ಮ ಮನಿಗಿ ಬಂದಿದ್ನೆಲ್ರಿ, ಅವತ್ತ. ನಿಮ್ಮ ಅತ್ತ್ಯಾರ ಕೊಟ್ರು. ಕೈಯಾಗ ಸಕ್ಕರಿ ಹಾಕಿ, ಈ ಪಾಕೀಟ ಇಟ್ಟು, ‘ಫರಹೀನನ ಮದವಿಗೆ ನಂದು’ ಅಂದ್ರು.” ಬೇಗಂಬಿ ನಕ್ಕಳು. “ನಾ ಮನಿಗಿ ಹೋಗಿ ನಮಾಜಿನ ಚಾದರದಾಗ ಸುತ್ತಿ ಇಟ್ಟಿದ್ನಿ.”

ತ್ರಿಶಲಾಗೆ ಕೇಳಬೇಕಾದ್ದು ಏನೂ ಉಳಿಯಲಿಲ್ಲ. ಹೋದ ವರ್ಷ ಹೊಸ ಮನೆಯ ವಾಸ್ತುಶಾಂತಿಗೆ ಬಂದ ಮಂದಿ, ಸಾವಕಾರರಿಗೆ ಏನು ಕೊಡುವುದು ತಿಳಿಯದೆ, ಸಾವಕಾರರದೇ ಅಂಗಡಿಯ ವೋಚರು ಕೊಂಡು ಸಾವಕಾರರಿಗೇ ಕೊಟ್ಟಿದ್ದರು. ಆವತ್ತು ಮನೆಯವರೆಲ್ಲ ಹೊಟ್ಟೆ ತುಂಬ ನಕ್ಕಿದ್ದರು. ತಾರಾಬಾಯಿ ಆ ಪಾಕೀಟುಗಳನ್ನು ಕಪಾಟಿನಲ್ಲಿ ಕುಬಸದ ಕಣಗಳ ಮೇಲೆ ಇಟ್ಟಿದ್ದರು. ಕಣ ಕೊಟ್ಟ ಹಾಗೆ ಅದನ್ನೂ ಕೊಟ್ಟಿದ್ದರು.

“ಬೇಗಂಬಿ, ಇದರ ತಾರೀಖ ಮುಗದೈತಿ.”

ಬೇಗಂಬಿಗೆ ಮೊದಲು ಅರ್ಥವಾಗಲಿಲ್ಲ. “ಔಷಧಕ್ಕ ಇರತೈತಲ್ರಿ ತಾರೀಖ” ಅಂದಳು. ಆಮೇಲೆ ತ್ರಿಶಲಾಳ ಬೆರಳಿನ ಕೆಳಗಿನ ಅಕ್ಷರಗಳನ್ನು ನೋಡಿದಳು. ಓದಲು ಬರುತ್ತಿತ್ತು ಅವಳಿಗೆ. ನಿಧಾನವಾಗಿ ತುಟಿ ಅಲ್ಲಾಡಿಸಿ ಓದಿದಳು. ಓದಿದ ಮೇಲೆ ಸೀರೆಯ ಮೇಲಿನ ಕೈ ತೆಗೆದಳು.

ತ್ರಿಶಲಾ ನಂಬರನ್ನು ಕಂಪ್ಯೂಟರಿಗೆ ಹೊಡೆದಳು. ಏನಾಗುತ್ತದೆ ಗೊತ್ತಿದ್ದೂ ಹೊಡೆದಳು. ಕೆಂಪು ಪಟ್ಟಿ ಬಂತು. ಮತ್ತೆ ಹೊಡೆದಳು. ಅವಳೇ ಹೇಳಿ ಬರೆಸಿದ ಸಾಲು ಅದು: ‘ಅವಧಿ ಮುಗಿದಿದೆ.’ ಕೆಳಗೆ ಒತ್ತಲು ಒಂದೇ ಗುಂಡಿ, ‘ಮುಚ್ಚು’.

ಎದ್ದು ಮಾವನ ಹತ್ತಿರ ಹೋದಳು. ಅವರು ಒಳಕೋಣೆಯ ಬಾಗಿಲಲ್ಲಿ ಇಚಲಕರಂಜಿಯ ಮಾಲಿನ ಗಂಟು ಬಿಚ್ಚಿಸುತ್ತಿದ್ದರು. ಎಲ್ಲ ಹೇಳಿದಳು, ಅತ್ತೆಯ ಹೆಸರೂ ಸೇರಿಸಿ. ಸಾವಕಾರರು ಕೇಳುತ್ತ ಕೇಳುತ್ತ ಮುಖ ಒರೆಸಿಕೊಂಡರು. ಕೆಟ್ಟವರಲ್ಲ ಅವರು. ಬೇಗಂಬಿಯ ಗಂಡ ತೀರಿಕೊಂಡಾಗ ಮಣ್ಣಿಗೆ ಹೋದವರು.

“ಆತ ಏನ ನೋಡಾಕತ್ತಾನ?” ಅಂತ ಬಾಪುಸಾಹೇಬರ ಕಡೆ ಕಣ್ಣು ಮಾಡಿದರು.

ಬಾಪುಸಾಹೇಬರು ಅಂಗಿ ಬಟ್ಟೆ ಬಿಟ್ಟು ಗಲ್ಲಾದ ಕಡೆಯೇ ನೋಡುತ್ತಿದ್ದರು. ಅವರ ಕಿಸೆಯಲ್ಲಿ ಸೋಮವಾರದ ವೋಚರು ಇನ್ನೂ ಇದ್ದಿರಬೇಕು.

“ಇಕಿಗೆ ಕೊಟ್ರ ಈಗಿಂದೀಗ ಆತಗ ಕೊಡಬೇಕ. ಆತಗ ಕೊಟ್ರ ನಾಳೆ ಊರಿಗೇ ಕೊಡಬೇಕ” ಅಂದರು ಸಾವಕಾರರು. ಸಿಟ್ಟಿಲ್ಲದೆ ಸೇರಿಸಿದರು: “ಆ ಒಂದ ಸಾಲ ಇರಲಿ ಅಂತ ಅಂದಿದ್ನಿ ನಾ. ಇದ್ದಿದ್ರ ಇವತ್ತ ಏನರ ಅನ್ನಾಕ ಬರತಿತ್ತ.”

“ನಿಮ್ಮ ಕಡಿಂದ ಸೀರಿನ ಆಯೇರ ಮಾಡ್ರಲ್ಲ ಮಾಮಾರ.”

“ಎಲ್ಲಾರ ಮುಂದ? ಸಾವಕಾರ್ರ ಮನ್ಯಾವರ ಸತ್ತ ಚೀಟಿ ಕೊಟ್ಟು ಸಿಕ್ಕಬಿದ್ದು ಸೀರಿ ಕೊಟ್ರು ಅಂತಾರ. ನಿಮ್ಮತ್ತಿ ಮಾರಿ ಎಲ್ಲಿಡೂದು?” ಅವರು ಗಂಟಿನ ಕಡೆ ತಿರುಗಿದರು. “ಶ್ರಾವಣದ ಕೂಪನ್ ಒಂದ ಹಚ್ಚಿ ಕೊಡು.”

ಕೂಪನ್ ಮೂರು ಸಾವಿರದ ಮೇಲಿನ ಖರೀದಿಗೆ. ಅದೂ ಅವಳದೇ ಶರತ್ತು. ತ್ರಿಶಲಾ ಅದನ್ನು ಮಾವನಿಗೆ ನೆನಪಿಸಲಿಲ್ಲ.

ಮರಳಿ ಬಂದಾಗ ಬೇಗಂಬಿ ವೋಚರನ್ನು ಪಾಕೀಟಿಗೆ ಹಾಕಿ, ಪಾಕೀಟನ್ನು ಅರಿವೆಯಲ್ಲಿ ಸುತ್ತುತ್ತಿದ್ದಳು. ಸೀರೆಯನ್ನು ತಾನೇ ಮಡಚಿ ಗುಡ್ಡೆಯ ಮೇಲೆ ಇಟ್ಟಿದ್ದಳು.

“ಬೇಗಂಬಿ, ನಿಂದರು. ಇದು ನಾ ಕೊಡತೀನಿ, ನನ್ನ ರೊಕ್ಕಾ.”

“ಬ್ಯಾಡ್ರಿ ಅಕ್ಕಾರ.”

“ಯಾಕ?”

ಬೇಗಂಬಿ ಚೀಲದ ಬಾಯಿ ಕಟ್ಟಿದಳು. “ಅತ್ತ್ಯಾರ ಕೊಟ್ಟಿದ್ದ ಆಯೇರ್ರಿ. ನೀವು ಇಲ್ಲಿ ಗಲ್ಲಾದಾಗ ಕೂತು ಕೊಟ್ರ ಅದಕ್ಕ ಬ್ಯಾರೆ ಹೆಸರ ಐತಿ.” ಎದ್ದು ನಿಂತು, ತ್ರಿಶಲಾಳ ಮುಖ ನೋಡಿ, ಅವಳಿಗೇ ಸಮಾಧಾನ ಹೇಳುವವಳ ಹಾಗೆ ಅಂದಳು: “ಚೊಲೋ ಮಾಡೀರಿ ಬಿಡ್ರಿ ಇದನ್ನ. ಯಾರೂ ಮೋಸ ಮಾಡಾಕ ಬರಾಂಗಿಲ್ಲ.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತ್ರಿಶಲಾಗೆ ಎಷ್ಟೋ ಹಗುರಾಗುತ್ತಿತ್ತು.

ಬೇಗಂಬಿ ಹೋದ ಮೇಲೆ ಬಾಪುಸಾಹೇಬರು ಗಲ್ಲಾಕ್ಕೆ ಬಂದು ರೋಖ ಎಣಿಸಿ ಕೊಟ್ಟರು. “ಸೊಸಿಬಾಯಿ, ಎಲ್ಲಾರಿಗೂ ಒಂದ ನ್ಯಾಯ. ಹಿಂಗ ಇರಬೇಕ ನೋಡ್ರಿ” ಅಂದರು. ಅವರು ಮನಸ್ಸಿನಿಂದಲೇ ಹೊಗಳಿದ್ದರು.

ಮನೆಯಲ್ಲಿ ತಾರಾಬಾಯಿಗೆ ಹೇಳಿದಾಗ ಅವರು ಅಕ್ಕಿ ಆರಿಸುವ ಮೊರ ಕೆಳಗಿಟ್ಟರು. “ನಾ ಬಿಚ್ಚಿ ನೋಡಲಿಲ್ಲವಾ” ಅಂದರು. “ಆಯೇರ ಯಾರ ಬಿಚ್ಚಿ ನೋಡತಾರ? ಕೊಟ್ಟಾವರ ಎಷ್ಟ ಕೊಟ್ಟಾರ ಅಂತ ಅಳಿಯೂ ಮಂದಿ ಬಿಚ್ಚತಾರ.” “ನಾನ ಹೋಗಿ ಒಂದ ಸೀರಿ ಕೊಟ್ಟ ಬರಲೇನ?” ಅಂದರು. ಅವರೇ ತಲೆ ಅಲ್ಲಾಡಿಸಿದರು. “ಏನಂತ ಕೊಡಲಿ? ಅವತ್ತ ನಾ ಕೊಟ್ಟಿದ್ದ ಸುಳ್ಳ ಅಂತ ಕೊಡಲೇನ?” ಮತ್ತೆ ಮೊರ ಎತ್ತಿಕೊಂಡರು. ಆ ಅಕ್ಕಿಯಲ್ಲಿ ಆರಿಸುವಂಥದು ಏನೂ ಉಳಿದಿರಲಿಲ್ಲ.

ಶನಿವಾರ ತ್ರಿಶಲಾ, ಪಂಚಮಿಗೆ ಅಣ್ಣ ಕೊಟ್ಟಿದ್ದ ರೊಕ್ಕ ತಂದು ಗಲ್ಲಾಕ್ಕೆ ಹಾಕಿ, ತನಗೆ ತಾನೇ ಬಿಲ್ಲು ಮಾಡಿಕೊಂಡು, ಎರಡು ಸಾವಿರದ ಹೊಸ ವೋಚರು ಕೊಂಡಳು. ತಾರೀಖು ಮುಂದಿನ ವರ್ಷದ್ದು. ಶಿಕ್ಕೆ ಒತ್ತಿ, ತುಂಡು ಹರಿದಿಟ್ಟು, ವೋಚರನ್ನು ಪಾಕೀಟಿಗೆ ಹಾಕಿದಳು. ಅಂಗಡಿಯಲ್ಲಿ ಬೇಡ ಅಂದವಳು ಮದುವೆಯಲ್ಲಿ ಬೇಡ ಅನ್ನಲಾರಳು. ಹಳೆಯದನ್ನು ಇಸಿದುಕೊಂಡು ಹೊಸದನ್ನು ಕೈಗಿಡುವುದು, ಬೀಗತಿ ಒಂದು ವಾರ ಬಿಟ್ಟು ಬೇಕಾದ ಸೀರೆ ತಗೊಂಡು ಹೋಗಲಿ. ಸೀರೆ ಒಂದು ವಾರ ತಡವಾಗುತ್ತದೆ, ಅಷ್ಟೆ.

ಭಾನುವಾರ ಮದುವೆಯ ಹಾಲಿಗೆ ಅತ್ತೆ ಸೊಸೆ ಹೋದಾಗ ನಿಕಾಹ ಮುಗಿದು ಗಂಡಸರ ಕಡೆ ಊಟ ನಡೆದಿತ್ತು. ಬೇಗಂಬಿ ಅಡಿಗೆಯ ಕಡೆ, ದೊಡ್ಡ ಪಾತ್ರೆಗಳ ಹಬೆಯಲ್ಲಿ ಯಾರಿಗೋ ಏನೋ ಹೇಳುತ್ತ ನಿಂತಿದ್ದಳು. ತ್ರಿಶಲಾ ಅವಳನ್ನು ಗೋಡೆಯ ಬದಿಗೆ ಕರೆದಳು.

“ಆ ಹಳೇ ಪಾಕೀಟ ಎಲ್ಲೈತಿ? ಕೊಡು ನನಗ. ಇದು ತಗೋ.”

ಬೇಗಂಬಿ ಹೊಸ ಪಾಕೀಟು ನೋಡಿದಳು. ಕೈ ಮುಂದೆ ಮಾಡಲಿಲ್ಲ.

“ತಾಟ ಹೋತ್ರಿ” ಅಂದಳು.

“ಯಾವ ತಾಟ?”

“ಬೀಗತಿಗಿ ಉಡಸೂ ತಾಟ. ಸೀರಿ ಹಗರಂದ ಇತ್ರಿ, ನನ್ನ ಕೈಯಾಗಿಂದು ಅಷ್ಟಕ್ಕ ಬಂತು. ಬರೇ ಅದನ್ನ ಇಟ್ರ ಹತ್ತ ಮಂದ್ಯಾಗ ಮಗಳ ಮಾರಿ ಕೆಳಗ ಆಗತಿತ್ತ. ಅದಕ್ಕ ಪಾಕೀಟ ಮ್ಯಾಲ ಇಟ್ನಿ. ಎಲ್ಲಾರೂ ನೋಡಿದ್ರು. ‘ಸಾವಕಾರ್ರ ಅಂಗಡಿ ಚೀಟಿ, ಸೀರಿ ಮ್ಯಾಲ ಸೀರಿ’ ಅಂದ್ರು.” ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. “ಆಕಿ ಇವತ್ತ ಬಿಚ್ಚೂದಿಲ್ರಿ. ಆಯೇರ ಯಾರ ಬಿಚ್ಚತಾರ.”

“ನಾಳೆ ಬಿಚ್ಚತಾಳಲ್ಲ.”

ಬೇಗಂಬಿ ಸೆರಗು ಸಿಕ್ಕಿಸಿಕೊಂಡಳು. ಯಾರೋ ಅವಳನ್ನು ಕೂಗಿದರು, ಅನ್ನ ಸಾಲದೆ ಬಂತಂತೆ. ಅವಳು ಹೋದಳು.

ಹೆಂಗಸರ ಕೋಣೆಯಲ್ಲಿ ಫರಹೀನ ಕೆಂಪು ದುಪಟ್ಟಾದ ಕೆಳಗೆ ತಲೆ ಬಗ್ಗಿಸಿ ಕೂತಿದ್ದಳು. ಅವಳ ಮಗ್ಗುಲಿಗೆ ಉಗಾರದ ಬೀಗತಿ, ಮೈತುಂಬಿದ ಹೆಂಗಸು, ಬಂದವರನ್ನೆಲ್ಲ ನಗುನಗುತ್ತ ಮಾತಾಡಿಸುತ್ತಿದ್ದಳು. ಅವಳ ತೊಡೆಯ ಮೇಲೆ ತಾಟು. ತಾಟಿನಲ್ಲಿ ಒಂದು ಸಾದಾ ಸೀರೆ, ಅದರ ಮೇಲೆ ಕೆನೆಬಣ್ಣದ ಪಾಕೀಟು.

ತ್ರಿಶಲಾಳ ಕೈಯಲ್ಲಿ ಇನ್ನೊಂದು. ಬರಿಗೈಲಿ ನಿಲ್ಲುವ ಹಾಗಿರಲಿಲ್ಲ, ಬೀಗತಿ ಆಗಲೇ ಅದನ್ನು ನೋಡಿದ್ದಳು. ತ್ರಿಶಲಾ ಬಗ್ಗಿ ಪಾಕೀಟನ್ನು ಫರಹೀನಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಒಂದು ಗಳಿಗೆ ಬಿಡದೆ ಹಿಡಿದಳು, ಇದನ್ನು ನೀನೇ ಇಟ್ಟುಕೋ ಅನ್ನುವ ಹಾಗೆ. ಫರಹೀನ ಕಣ್ಣೆತ್ತಿದಳು. ತಾಯಿ ಅವಳಿಗೆ ಎಲ್ಲ ಹೇಳಿದ್ದಳು ಅನ್ನುವುದು ಆ ಕಣ್ಣಲ್ಲಿ ಕಾಣಿಸಿತು. ಆದರೆ ಬಂದದ್ದನ್ನೆಲ್ಲ ಅತ್ತೆಯ ಕೈಗೆ ಕೊಡುವುದು ಆ ದಿನದ ರೀತಿ. ಸುತ್ತ ಹತ್ತು ಹೆಂಗಸರು. ಹುಡುಗಿ ಪಾಕೀಟನ್ನು ಬಲಕ್ಕೆ ದಾಟಿಸಿದಳು.

“ಅರೆ, ಇದೂ ಅದ” ಅಂದಳು ಬೀಗತಿ. ಎರಡನ್ನೂ ಒಟ್ಟಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. “ಎರಡೂ ಒಂದ ಥರಾ ಅದಾವ ನೋಡ್ರಿ. ಎಷ್ಟ ಚಂದ ಮಾಡ್ಯಾರ.”

“ನಮ್ಮ ಸೊಸೀನ ಮಾಡಿದ್ದ” ಅಂದರು ತಾರಾಬಾಯಿ. ಬಾಯಿಂದ ಬಂದುಹೋಗಿತ್ತು, ಅಂದವರೇ ಸೊಸೆಯ ಕಡೆ ನೋಡಿದರು.

“ಶಾಣ್ಯಾಕಿ ಅದಾಳ್ರಿ. ಚೊಲೋ ಆತು ಎರಡ ಬಂದಿದ್ದ. ಮುಂದಿನ ತಿಂಗಳ ಚಿಕ್ಕೋಡ್ಯಾಗ ನನ್ನ ಅಕ್ಕನ ಮಗಳ ಮದವಿ ಐತಿ. ಒಂದ ಅಲ್ಲಿಗಾತು, ಒಂದ ನನಗಾತು.” ಬೀಗತಿ ಎರಡೂ ಪಾಕೀಟುಗಳನ್ನು ವ್ಯಾನಿಟಿ ಬ್ಯಾಗಿನೊಳಗೆ ಹಾಕಿದಳು. ಮೊದಲು ಹಾಕಿದ್ದು ಯಾವುದು, ಆಮೇಲಿನದು ಯಾವುದು, ತ್ರಿಶಲಾ ಅಷ್ಟು ಹತ್ತಿರದಿಂದ ನೋಡುತ್ತಿದ್ದರೂ ಅವಳಿಗೆ ತಿಳಿಯಲಿಲ್ಲ.

“ಜರಾ ಕೊಡ್ರಿಲ್ಲೆ” ಅನ್ನಲು ಬಾಯಿ ತೆರೆದಳು. ಬಾಗಿಲಲ್ಲಿ ಬೇಗಂಬಿ ಬಂದು ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ತ್ರಿಶಲಾಳನ್ನು ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದಳು. ಬಹಳ ಸಣ್ಣಗೆ, ಬೇರೆ ಯಾರಿಗೂ ಕಾಣದಷ್ಟು.

ಬ್ಯಾಗಿನ ಝಿಪ್ಪು ಎಳೆಯುತ್ತ ಬೀಗತಿ ತ್ರಿಶಲಾಳ ಕಡೆ ತಿರುಗಿದಳು. “ನೀವ ಕೂಡ್ರತೀರಂತಲ್ರಿ ಅಂಗಡ್ಯಾಗ? ಬರತೀನಿ ಒಂದಿನ, ಸೊಸೀನ ಕರ್ಕೊಂಡ.”

ಫರಹೀನ ದುಪಟ್ಟಾ ಇನ್ನಷ್ಟು ಮುಂದಕ್ಕೆಳೆದುಕೊಂಡಳು.

“ಬರ್ರಿ” ಅಂದಳು ತ್ರಿಶಲಾ.

ಬೇಗಂಬಿ ಬಾಗಿಲಿಂದ ಒಳಗೆ ಬಂದು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು.